ಪದಚರ್ಚೆ: ಎಥಿಕ್ಸ್ ಕಮಿಟಿ ಅರ್ಜಿಯ ‘ರಿಕ್ರೂಟ್‌ಮೆಂಟ್’, ‘ಅನಾನಿಮಸ್’ ಕಾಲಂಗಳಿಗೆ ಕನ್ನಡದಲ್ಲಿ ಏನನ್ನೋಣ?

ಕಲಬುರಗಿಯಿಂದ ಎಂಪಿಎಚ್ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನನ್ನ ಪ್ರಾಜೆಕ್ಟ್ ತೊಗರಿ ಕೂಲಿಗೆ ಹೋಗುವ ಹೆಣ್ಣುಮಕ್ಕಳ ರಕ್ತಹೀನತೆ ಬಗ್ಗೆ. ಗೈಡ್ ಒಪ್ಪಿದ ಸಿನಾಪ್ಸಿಸ್‌ನಲ್ಲಿ ವಿಧಾನದ ಭಾಗ ಹೀಗಿದೆ:

“ಚಿತ್ತಾಪುರ ತಾಲ್ಲೂಕಿನ ಎರಡು ಹಳ್ಳಿಗಳ 18ರಿಂದ 49 ವರ್ಷದ ಕೂಲಿ ಹೆಣ್ಣುಮಕ್ಕಳನ್ನು ಮೇಸ್ತ್ರಿಯ ಪಟ್ಟಿಯಿಂದ ಆರಿಸಿ, ಒಪ್ಪಿಗೆ ಪಡೆದು, ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಲಾಗುವುದು. 8 ಗ್ರಾಂಗಿಂತ ಕಡಿಮೆ ಇದ್ದವರನ್ನು ಆಸ್ಪತ್ರೆಗೆ ಕಳಿಸಿ, ತಿಂಗಳ ನಂತರ ಮತ್ತೆ ಭೇಟಿ ಮಾಡಲಾಗುವುದು. ಮಾಹಿತಿ ಗೌಪ್ಯವಾಗಿರುವುದು.”

ಇದನ್ನೇ ಈಗ ಅರ್ಜಿಯ ಕಾಲಂಗಳಿಗೆ ಹಂಚಬೇಕು. ಅರ್ಜಿ ಇಂಗ್ಲಿಷಿನಲ್ಲಿದೆ. ಆದರೆ ಹೆಣ್ಣುಮಕ್ಕಳಿಗೆ ಕೊಡುವ ಮಾಹಿತಿ ಪತ್ರ ಕನ್ನಡದಲ್ಲಿರಬೇಕು, ಎರಡರಲ್ಲೂ ಒಂದೇ ಮಾತಿರಬೇಕು. ‘ರಿಕ್ರೂಟ್‌ಮೆಂಟ್’ ಅನ್ನೋದಕ್ಕೆ ನಿಘಂಟಿನಲ್ಲಿ ‘ನೇಮಕಾತಿ’ ಅಂತ ಇದೆ. ಗೌಪ್ಯತೆಯ ಕಾಲಂನಲ್ಲಿ ನಾಲ್ಕು ಬಾಕ್ಸ್ ಇವೆ: ಅನಾನಿಮಸ್, ರಿವರ್ಸಿಬ್ಲಿ ಕೋಡೆಡ್, ಇರ್‌ರಿವರ್ಸಿಬ್ಲಿ ಕೋಡೆಡ್, ಐಡೆಂಟಿಫೈಯಬಲ್. ನನಗೆ ನಾಲ್ಕೂ ‘ಗೌಪ್ಯ’ವೇ ಅನ್ನಿಸುತ್ತಿದೆ. ಏನು ಬರೆಯಲಿ?

ಯಾದಗಿರಿಯಿಂದ, ನಿವೃತ್ತ ಕನ್ನಡ ಮೇಷ್ಟ್ರು

ತಂಗಿ, ಮೊದಲು ಒಂದು ಮಾತು. ‘ಪ್ರಸ್ತಾವನೆ’ ಅಂದರೆ ಪುಸ್ತಕದ ಮೊದಲಲ್ಲಿ ಬರೆಯೋದು. ನೀನು ಕೊಡೋದು ‘ಪ್ರಸ್ತಾವ’. ನೀನು ಸಿನಾಪ್ಸಿಸ್ ಅಂದುಬಿಟ್ಟೆ, ಹಾಗಾಗಿ ಬಚಾವ್! ಇನ್ನು ‘ನೇಮಕಾತಿ’ ಬೇಡವೇ ಬೇಡ. ‘ನಿಮ್ಮನ್ನು ನೇಮಕ ಮಾಡಿಕೊಳ್ಳುತ್ತೇವೆ’ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಮೊದಲು ಕೇಳೋದೇ ‘ಪಗಾರ ಎಷ್ಟ್ರಿ?’ ಅಂತ. ‘ಆಯ್ಕೆ’ ಅಂತ ಬರಿ, ಮುಗೀತು.

ಬೀದರಿನಿಂದ, ಜಾನಪದ ಅಧ್ಯಯನದ ವಿದ್ಯಾರ್ಥಿ

ನನ್ನ ಕತೆ ಇದಕ್ಕೆ ಉಲ್ಟಾ. ನಾನು ಬಿದರಿ ಕುಶಲಕರ್ಮಿಗಳನ್ನು ಮಾತಾಡಿಸುತ್ತಿದ್ದೇನೆ. ಅರ್ಜಿಯಲ್ಲಿ ‘ಹೆಸರು ಬಹಿರಂಗಪಡಿಸುವುದಿಲ್ಲ’ ಅಂತ ಬರೆದೆ. ಹಿರಿಯ ಕಸಬುದಾರರೊಬ್ಬರು, “ನನ್ನ ಕೈಕೆಲಸದ ಫೋಟೋ ಹಾಕಿ ನನ್ನ ಹೆಸರು ಬಿಡ್ತೀರಾ?” ಅಂದರು. ಅವರಿಗೆ ಹೆಸರು ಬೇಕೇ ಬೇಕು. ಹಾಗಾದರೆ ಗೌಪ್ಯ ಅನ್ನೋದು ಎಲ್ಲರಿಗೂ ಕಡ್ಡಾಯವಾ?

ಕಲಬುರಗಿಯಿಂದ, ಸಮುದಾಯ ಆರೋಗ್ಯ ಕಲಿಸಿದವರು, ಹಿಂದೆ ಕಮಿಟಿ ಸದಸ್ಯೆ

ಬೀದರಿನವರಿಗೆ: ಕಡ್ಡಾಯವಲ್ಲ. ಹೆಸರು ಹಾಕಬೇಕೋ ಬೇಡವೋ ಅಂತ ಪ್ರತಿಯೊಬ್ಬರನ್ನೂ ಕೇಳಿ. ಒಪ್ಪಿಗೆ ಪತ್ರದಲ್ಲೇ ಅದಕ್ಕೊಂದು ಬೇರೆ ಸಾಲು ಇಟ್ಟು, ಅರ್ಜಿಯಲ್ಲೂ ಅದನ್ನೇ ಹೇಳಿ.

ಈಗ ಪ್ರಶ್ನೆಗೆ. ಮೇಷ್ಟ್ರು ‘ನೇಮಕಾತಿ’ ಬೇಡ ಅಂದದ್ದು ಸರಿ. ಆದರೆ ‘ಆಯ್ಕೆ’ ಅಂದರೂ ಕೆಲಸ ಆಗೋದಿಲ್ಲ. ಆಯ್ಕೆ ಅನ್ನೋದು ವಿಧಾನದ ಕಾಲಂಗೆ ಹೋಗುತ್ತೆ: ಯಾವ ಹಳ್ಳಿ, ಯಾವ ವಯಸ್ಸು, ಪಟ್ಟಿಯಿಂದ ಹೇಗೆ ಆರಿಸಿದಿರಿ ಅಂತ. ರಿಕ್ರೂಟ್‌ಮೆಂಟ್ ಕಾಲಂ ಕೇಳೋದು ಬೇರೆ. ಆ ಹೆಣ್ಣುಮಗಳ ಹತ್ತಿರ ಮೊದಲು ಯಾರು ಹೋಗುತ್ತಾರೆ? ಎಲ್ಲಿ, ಯಾವಾಗ, ಏನು ಹೇಳುತ್ತಾರೆ? ನಿಮ್ಮ ಸಿನಾಪ್ಸಿಸ್‌ನಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ‘ಆಯ್ಕೆ’ ಅಂತ ಅನುವಾದ ಮಾಡಿಕೊಂಡರೆ ಅದು ಇಲ್ಲ ಅನ್ನೋದೂ ಗೊತ್ತಾಗೋದಿಲ್ಲ. ನಾನಾದರೆ ‘ಭಾಗವಹಿಸುವವರನ್ನು ಸಂಪರ್ಕಿಸುವ ಬಗೆ’ ಅಂತೀನಿ. ಉದ್ದ ಆಯ್ತು, ಆಗಲಿ.

ಕಮಿಟಿ ಅಲ್ಲೇ ಹಿಡಿಯುತ್ತೆ, ಯಾಕಂದರೆ ನಿಮ್ಮದು ಮೇಸ್ತ್ರಿಯ ಪಟ್ಟಿ. ನಾಳೆ ಕೂಲಿಗೆ ಯಾರು ಬರಬೇಕು ಅಂತ ಹೇಳೋನು ಅವನೇ. ಅವನು ‘ಹೋಗವ್ವ, ರಕ್ತ ಕೊಡು’ ಅಂದರೆ ಯಾರಾದರೂ ಒಲ್ಲೆ ಅಂತಾರಾ? ಹಾಗಾಗಿ ಪಟ್ಟಿ ಅವನಿಂದ ಬರಲಿ, ಮಾತುಕತೆ ನಿಮ್ಮದಿರಲಿ. ಹೊಲದಲ್ಲಿ ಬೇಡ, ಸಂಜೆ ಅವರ ಮನೆ ಹತ್ತಿರ. ಯಾರು ಒಪ್ಪಿದರು, ಯಾರು ಬಿಟ್ಟರು ಅನ್ನೋದು ಮೇಸ್ತ್ರಿಗೆ ತಿಳಿಯೋದಿಲ್ಲ ಅಂತಲೂ ಬರೆಯಿರಿ.

ಕಲಬುರಗಿಯಿಂದ, ನರ್ಸಿಂಗ್ ಕಾಲೇಜಿನ ಒಬ್ಬರು

ಇಷ್ಟೆಲ್ಲ ಯಾಕೆ? ಬೆರಳು ಚುಚ್ಚೋದು ‘ಮಿನಿಮಲ್ ರಿಸ್ಕ್’. ‘ಅಪಾಯವಿಲ್ಲ’ ಅಂತ ಬರೆದರೆ ಕಮಿಟಿಗೆ ಹೋಗೋದೇ ಬೇಡ, ವಿನಾಯಿತಿ ಸಿಗುತ್ತೆ.

ಹಿಂದೆ ಕಮಿಟಿ ಸದಸ್ಯೆ

ಮಿನಿಮಲ್ ರಿಸ್ಕ್ ಅನ್ನೋದು ಸರಿ, ಉಳಿದದ್ದು ಸರಿಯಲ್ಲ. ‘ಕನಿಷ್ಠ ಅಪಾಯ’ ಮತ್ತು ‘ಅಪಾಯವಿಲ್ಲ’ ಒಂದೇ ಅಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ವಿನಾಯಿತಿ ಇರೋದು ಅದಕ್ಕಿಂತಲೂ ಕಡಿಮೆ ಅಪಾಯದ ಅಧ್ಯಯನಕ್ಕೆ. ಅದೂ ಯಾರ ಗುರುತೂ ಜೊತೆಗಿರದಿದ್ದಾಗ. ವಿನಾಯಿತಿ ಕೊಡೋದು ಕೂಡ ಕಮಿಟಿಯೇ, ನಾವು ತಗೊಳ್ಳೋದಲ್ಲ. ಕನಿಷ್ಠ ಅಪಾಯಕ್ಕೆ ತ್ವರಿತ ಪರಿಶೀಲನೆ ಸಿಗಬಹುದು. ಆದರೆ ಕೂಲಿಕಾರರು ದುರ್ಬಲ ವರ್ಗ ಅಂತ ಕಮಿಟಿ ಪೂರ್ತಿ ಸಭೆಗೇ ಇಡಬಹುದು. ಅದು ಅವರಿಗೆ ಬಿಟ್ಟದ್ದು.

ಮಾಹಿತಿ ಪತ್ರದಲ್ಲಿ ‘ಅಪಾಯ’ ಅನ್ನೋ ಪದವನ್ನು ಒಂಟಿಯಾಗಿ ಬಿಡಬೇಡಿ. “ಬೆರಳಿಗೆ ಸೂಜಿ ಚುಚ್ಚಿದಾಗ ಸ್ವಲ್ಪ ನೋವಾಗುತ್ತೆ, ಒಂದೆರಡು ಹನಿ ರಕ್ತ ತೆಗೀತೀವಿ. ಪ್ರತಿಯೊಬ್ಬರಿಗೂ ಹೊಸ ಸೂಜಿ” ಅಂತ ಬರೆಯಿರಿ.

ಇನ್ನು ನಾಲ್ಕು ಬಾಕ್ಸ್. ‘ಗೌಪ್ಯ’ ಅಂದರೆ ನನಗೆ ಗೊತ್ತಿದೆ, ಯಾರಿಗೂ ಹೇಳೋದಿಲ್ಲ ಅಂತ. ‘ಅನಾಮಧೇಯ’ ಅಂದರೆ ಯಾರದ್ದು ಅಂತ ನನಗೂ ಗೊತ್ತಿಲ್ಲ. ನೀವು ತಿಂಗಳ ನಂತರ ಅದೇ ಹೆಣ್ಣುಮಗಳನ್ನು ಹುಡುಕಿಕೊಂಡು ಹೋಗುತ್ತೀರಿ. ಆಗ ಅನಾಮಧೇಯ ಹೇಗಾಗುತ್ತೆ? ವಿದ್ಯಾರ್ಥಿಗಳು ‘ಅನಾನಿಮಸ್’ ಬಾಕ್ಸ್‌ಗೆ ಟಿಕ್ ಹಾಕಿ, ಇನ್ನೊಂದು ಕಾಲಂನಲ್ಲಿ ‘ಫಾಲೋಅಪ್’ ಅಂತ ಬರೆದಿರುತ್ತಾರೆ. ಅರ್ಜಿ ವಾಪಸ್ ಬರುತ್ತೆ. ನಿಮ್ಮದು ‘ರಿವರ್ಸಿಬ್ಲಿ ಕೋಡೆಡ್’. ಪತ್ರದಲ್ಲಿ ಹೀಗೆ ಹೇಳಬಹುದು: “ನಿಮ್ಮ ಹೆಸರಿನ ಬದಲು ಒಂದು ನಂಬರ್ ಹಾಕುತ್ತೇವೆ. ಯಾವ ನಂಬರ್ ಯಾರದ್ದು ಅನ್ನೋ ಹಾಳೆ ನನ್ನ ಹತ್ತಿರ ಬೀಗದಲ್ಲಿರುತ್ತೆ.” ಮರುಭೇಟಿ ಮುಗಿದ ಮೇಲೆ ಆ ಹಾಳೆ ಏನು ಮಾಡುತ್ತೀರಿ ಅನ್ನೋದನ್ನೂ ಅರ್ಜಿಯಲ್ಲಿ ಹೇಳಿ. ಸಹಿ ಮಾಡಿದ ಒಪ್ಪಿಗೆ ಪತ್ರದಲ್ಲೂ ಹೆಸರಿರುತ್ತೆ. ಅದನ್ನು ಹಿಮೋಗ್ಲೋಬಿನ್ ಹಾಳೆಯ ಜೊತೆ ಪಿನ್ ಹಾಕಿ ಇಟ್ಟರೆ ನಂಬರ್ ಕೊಟ್ಟು ಏನು ಉಪಯೋಗ?

ಯಾದಗಿರಿಯ ಮೇಷ್ಟ್ರು

ಮೇಡಂ, ‘ಅನಾಮಧೇಯ’ ಅಂದರೆ ನಮ್ಮ ಜನಕ್ಕೆ ಮೂಗರ್ಜಿ ನೆನಪಾಗುತ್ತೆ. ಕದ್ದುಮುಚ್ಚಿ ಮಾಡಿದ್ದು ಅನ್ನೋ ವಾಸನೆ ಇದೆ ಆ ಪದಕ್ಕೆ. ‘ಹೆಸರಿಲ್ಲದೆ’ ಅನ್ನಬಾರದಾ?

ಹಿಂದೆ ಕಮಿಟಿ ಸದಸ್ಯೆ

ಪತ್ರದಲ್ಲಿ ಧಾರಾಳವಾಗಿ ಅನ್ನಬಹುದು. ಆದರೆ ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಹೋಗೋದಿಲ್ಲ. ಹಳ್ಳಿ, ವಯಸ್ಸು, ಎಷ್ಟು ಮಕ್ಕಳು ಅಂತ ಬರೆದರೆ ಸಣ್ಣ ಊರಲ್ಲಿ ಯಾರೂಂತ ಗೊತ್ತಾಗಿಬಿಡುತ್ತೆ. ಹಾಗಾಗಿ ನನಗೆ ‘ಗುರುತಿಲ್ಲದ’ ಹೆಚ್ಚು ಹಿಡಿಸುತ್ತೆ.

ಎಂಪಿಎಚ್ ವಿದ್ಯಾರ್ಥಿನಿ

ತುಂಬಾ ಥ್ಯಾಂಕ್ಸ್ ಮೇಡಂ, ಸರ್. ಸಂಪರ್ಕಿಸುವ ಬಗೆಯನ್ನು ಹೊಸದಾಗಿ ಬರೆಯುತ್ತಿದ್ದೇನೆ, ಗೈಡ್‌ಗೂ ತೋರಿಸಬೇಕು. ‘ಗುರುತಿಲ್ಲದ’ ಅಂದರೆ ‘ಪರಿಚಯ ಇಲ್ಲದ’ ಅಂತಲೂ ಕೇಳಿಸುತ್ತೆ ಅಲ್ವಾ? ಅದಿನ್ನೂ ತಲೆಯಲ್ಲಿ ಕೂತಿಲ್ಲ.

ಇನ್ನೊಂದು ಇದೆ. ಒಂದು ಹಳ್ಳಿಯ ಪಕ್ಕ ತಾಂಡಾ ಇದೆ, ವಯಸ್ಸಾದವರು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಓದಲು ಬರದವರಿಗೆ ಪತ್ರ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ, ಓದು ಬರುವ ಬೇರೆಯವರೊಬ್ಬರ ಸಾಕ್ಷಿ ಸಹಿ ತಗೋಬೇಕು ಅಂತ ಗೊತ್ತು. ಲಂಬಾಣಿ ಪಠ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು ಕಮಿಟಿಗೆ ಕೊಟ್ಟವರು ಇಲ್ಲಿ ಯಾರಾದರೂ ಇದ್ದೀರಾ? ‘ಒಪ್ಪಿಗೆ’ಗೆ ಅಲ್ಲಿ ಏನಂತಾರೆ?