5 ಗಂಟೆಗೆ ಆಟವೋ, ಭಾಷಣವೋ?

ನಮ್ಮ ಮನೆ ಗುಂಪಿಗೆ ರಾಜು ಮಾವ ಒಂದು ಪೋಸ್ಟರ್ ಹಾಕಿದರು. ಅದರ ಕೆಳಗೆ ಅತಿಥಿಗಳ ಹೆಸರು ಎಂಟು ಸಾಲು. ಆಮೇಲೆ: “ಯಕ್ಷಗಾನ. 14ನೇ ತಾರೀಕು ಸಂಜೆ 5ಕ್ಕೆ, ರವೀಂದ್ರ ಕಲಾಕ್ಷೇತ್ರ. ಟಿಕೆಟ್ 500, 300, 200. ಮೊದಲು ಬಂದವರಿಗೆ ಆದ್ಯತೆ.”

ವಿಮಲಾ ದೊಡ್ಡಮ್ಮ: ರಾಜು, ನಾವು ಏಳು ಜನ ಬರ್ತೇವೆ, ಅಮ್ಮನೂ ಸೇರಿ. 200ರದ್ದು ಎಲ್ಲಿ?

ರಾಜು ಮಾವ: ಬಾಲ್ಕನಿ ಅಕ್ಕ. ಕೆಳಗೆ ಮುಂದಿನದು 500, ಹಿಂದಿನದು 300.

ವಿಮಲಾ ದೊಡ್ಡಮ್ಮ: ಅಮ್ಮ ಮೆಟ್ಟಿಲು ಹತ್ತೋದು ಹೇಗೋ! ಅದನ್ನ ಬರೀಬಾರದಾ?

ಸತೀಶಣ್ಣ: ಮಾವ, ಮೊದಲು ಬಂದವರು ಅಂದ್ರೆ ಮೊದಲು ಟಿಕೆಟ್ ತಗೊಂಡವರಾ, ಮೊದಲು ಹಾಲ್‌ಗೆ ಬಂದವರಾ?

ರಾಜು ಮಾವ: ಹಾಲ್‌ಗೆ. ಸೀಟಿಗೆ ನಂಬರ್ ಇಲ್ಲ.

ಸತೀಶಣ್ಣ: ಹಾಗಾದ್ರೆ ಏಳು ಜನ ಒಟ್ಟಿಗೆ ಕೂರಬೇಕು ಅಂದ್ರೆ ಬೇಗ ಬರಬೇಕು. ಕೊನೆಗೆ ಟವೆಲ್ ಹಾಸಿ ಜಗಳ ಆಗುತ್ತೆ ನೋಡಿ.

ಪುಟ್ಟಿ: ಮಾವ, 5ಕ್ಕೆ ಚಂಡೆ ಶುರುವಾಗುತ್ತಾ?

ರಾಜು ಮಾವ: 5ಕ್ಕೆ ಸಭೆ. ಆಟ 6:30ಕ್ಕೆ.

ಪುಟ್ಟಿ: ಅಯ್ಯೋ! ಅದು ಎಲ್ಲೂ ಇಲ್ವಲ್ಲ.

ರಾಜು ಮಾವ: 6:30 ಅಂತ ಹಾಕಿದ್ರೆ ಭಾಷಣಕ್ಕೆ ಯಾರಮ್ಮ ಬರ್ತಾರೆ?

ವಿಮಲಾ ದೊಡ್ಡಮ್ಮ: ದುಡ್ಡು ಕೊಟ್ಟವರನ್ನ ಒಂದೂವರೆ ಗಂಟೆ ಕೂರಿಸೋದು ಸರಿಯಲ್ಲ ರಾಜು. ಎರಡೂ ಸಮಯ ಹಾಕು. ಮುಗಿಯೋದು ಎಷ್ಟಕ್ಕೆ? ವಾಪಸ್ ಹೋಗೋಕೆ ಗಾಡಿ ನೋಡಬೇಕು.

ರಾಜು ಮಾವ: 9 ಆಗುತ್ತೆ.

ಪುಟ್ಟಿ: ಇನ್ನೊಂದು. ಅತಿಥಿಗಳ ಹೆಸರು ಮೇಲಿದ್ರೆ ವಾಟ್ಸಾಪ್ ಕೆಳಗಿನದನ್ನ ಮಡಚಿ ‘ಇನ್ನಷ್ಟು ಓದಿ’ ಅಂತ ತೋರಿಸುತ್ತೆ. ಬಹಳ ಜನ ಅದನ್ನ ಒತ್ತೋದೇ ಇಲ್ಲ. ಫೋನ್ ನಂಬರ್ ಪೋಸ್ಟರ್ ಚಿತ್ರದೊಳಗೆ ಮಾತ್ರ ಇದೆ, ಒತ್ತಿ ಕರೆ ಮಾಡೋಕೆ ಆಗಲ್ಲ. ಕೆಳಗೂ ಟೈಪ್ ಮಾಡಿ. ಚಿತ್ರದಲ್ಲೂ ಇರಲಿ, ಬರೀ ಚಿತ್ರ ಸೇವ್ ಮಾಡಿ ಸ್ಟೇಟಸ್‌ಗೆ ಹಾಕೋರು ಇರ್ತಾರೆ.

ರಾಜು ಮಾವ: ಅತಿಥಿಗಳು ಬೇಜಾರಾಗ್ತಾರೆ ಕಣೇ.

ಸತೀಶಣ್ಣ: ಅವರು ಟಿಕೆಟ್ ತಗೊಂಡಿದ್ದಾರಾ ಮಾವ?

ಅರ್ಧ ಗಂಟೆ ಮಾವ ಸುಮ್ಮನಿದ್ದರು. ಆಮೇಲೆ ಬಂತು:

“ಯಕ್ಷಗಾನ: 14, ಭಾನುವಾರ, ರವೀಂದ್ರ ಕಲಾಕ್ಷೇತ್ರ, ಜೆ.ಸಿ. ರಸ್ತೆ. ಬಾಗಿಲು 4:30, ಸಭೆ 5, ಆಟ 6:30ರಿಂದ 9.
ಕೆಳಗೆ ಮುಂದೆ 500, ಕೆಳಗೆ ಹಿಂದೆ 300, ಬಾಲ್ಕನಿ 200 (ಮೆಟ್ಟಿಲು ಹತ್ತಬೇಕು). ಸೀಟಿಗೆ ನಂಬರ್ ಇಲ್ಲ. ನಿಮ್ಮ ಟಿಕೆಟ್‌ನ ಭಾಗದಲ್ಲಿ ಮೊದಲು ಬಂದವರು ಮೊದಲು ಕೂರಬಹುದು.
ಟಿಕೆಟ್‌ಗೆ ಬೆಳಿಗ್ಗೆ 10ರಿಂದ ರಾತ್ರಿ 8ರೊಳಗೆ ಫೋನ್ ಮಾಡಿ.”

ಅದರ ಕೆಳಗೆ ನಂಬರ್. ಅತಿಥಿಗಳೆಲ್ಲ ಕೊನೆಗೆ ಹೋಗಿದ್ದರು.

ವಿಮಲಾ ದೊಡ್ಡಮ್ಮ: ಈಗ ಅರ್ಥ ಆಯ್ತು. 300ರದ್ದು ಏಳು. 2,100 ಕಳಿಸಿದೆ. ಸ್ಕ್ರೀನ್‌ಶಾಟ್ ತೋರಿಸಿದ್ರೆ ಒಳಗೆ ಬಿಡ್ತಾರಾ?

ರಾಜು ಮಾವ: ಇಲ್ಲ ಅಕ್ಕ. ಬಾಗಿಲ ಹತ್ರ ಕೌಂಟರ್‌ನಲ್ಲಿ ತೋರಿಸಿ ಟಿಕೆಟ್ ಇಸ್ಕೋಬೇಕು.

ಪುಟ್ಟಿ: ಮಾವ...

ರಾಜು ಮಾವ: ಹಾಕ್ತೀನಿ, ಹಾಕ್ತೀನಿ!