ಪ್ರಶ್ನೋತ್ತರ: ನಿಧಾನ ನೆಟ್‌ನಲ್ಲಿ ದೊಡ್ಡ ಗೇಮ್, ಸ್ಟೀಮ್ ತೊಂದರೆಗಳು

ಶರಣು, ಯಾದಗಿರಿ: ರಾಜಶೇಖರ್ ಅಣ್ಣಾ, ಕಲಬುರಗಿಯಲ್ಲಿ ಮಾವನ ಮನೆ ಫೈಬರ್‌ನಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಇಳಿಸಿ, ಹಾರ್ಡ್ ಡಿಸ್ಕ್‌ನಲ್ಲಿ ತಂದೆ. ಸುಮಾರು 120 ಜಿಬಿ. ನಮ್ಮ ಪಿಸಿಯ `D:\Games` ಒಳಗೆ ಹಾಕಿದೆ. ಗೇಮ್ ನನ್ನ ಅಕೌಂಟ್‌ನಲ್ಲೇ ಕೊಂಡಿದ್ದು. ಸ್ಟೀಮ್ ಮಾತ್ರ ಮೊದಲಿನಿಂದ ಇಳಿಸ್ತಿದೆ, 2% ಆಗಿದೆ. ಮನೆ ನೆಟ್ 10 ಎಂಬಿಪಿಎಸ್.

ಸಿದ್ದು, ಸೇಡಂ: ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು. `downloading` ಫೋಲ್ಡರ್ ಡಿಲೀಟ್ ಮಾಡಿದ್ರೆ ಸ್ಪೀಡ್ ಡಬಲ್ ಆಗುತ್ತೆ ಅಂತ ಫಾರ್ವರ್ಡ್ ಬಂದಿತ್ತು.

ರಾಜಶೇಖರ (ಕಂಪ್ಯೂಟರ್ ಸರ್ವೀಸ್, ಕಲಬುರಗಿ): ಶರಣು, ಮೊದಲು ಡೌನ್‌ಲೋಡ್ ಪಾಜ್ ಮಾಡು. ಸ್ಟೀಮ್ `D:\Games` ಕಡೆ ನೋಡುವುದೇ ಇಲ್ಲ. ಅದು ಹುಡುಕುವುದು ತನ್ನ ಲೈಬ್ರರಿಯಲ್ಲಿ ಮಾತ್ರ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಡಿ ಡ್ರೈವ್ ಸೇರಿಸಿದರೆ ಈ ಜಾಗ ಸಿಗುತ್ತದೆ:

```
D:\SteamLibrary\steamapps\common\Red Dead Redemption 2
```

ಆ 2% ಅನ್ನು ಈಗಲೇ ಅನ್‌ಇನ್‌ಸ್ಟಾಲ್ ಮಾಡು, ನಿನ್ನ ಫೋಲ್ಡರ್ ಅಲ್ಲಿಗೆ ಹೋಗುವ ಮೊದಲು. ಹೋದ ಮೇಲೆ ಮಾಡಿದರೆ ಮಾವನ ಮನೆಯಿಂದ ತಂದಿದ್ದೂ ಅಳಿಸಿ ಹೋಗುತ್ತದೆ. ಆಮೇಲೆ ಸ್ಟೀಮ್‌ನಿಂದ ಪೂರ್ತಿ ಎಕ್ಸಿಟ್ ಆಗು, ಬರೀ ವಿಂಡೋ ಮುಚ್ಚಿದರೆ ಸಾಲದು. ಫೋಲ್ಡರ್ ಕಟ್ ಮಾಡಿ `common` ಒಳಗೆ ಪೇಸ್ಟ್ ಮಾಡು. ಒಂದೇ ಡ್ರೈವ್ ಆದ್ದರಿಂದ ಕ್ಷಣದಲ್ಲಿ ಆಗುತ್ತದೆ. ತೆರೆದ ಕೂಡಲೇ `RDR2.exe` ಕಾಣಬೇಕು. ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಇದ್ದರೆ ಪೇಸ್ಟ್ ತಪ್ಪಾಗಿದೆ.

ಈಗ ಸ್ಟೀಮ್ ತೆರೆದು ಇನ್‌ಸ್ಟಾಲ್ ಒತ್ತು, ಡಿ ಡ್ರೈವ್ ಆರಿಸು. ಇರುವ ಫೈಲ್ ಹುಡುಕಿ ತಾಳೆ ನೋಡಲು ಶುರು ಮಾಡುತ್ತದೆ. ಆಗ ಡಿಸ್ಕ್ ಓಡಬೇಕು, ನೆಟ್ ಸುಮ್ನೆ ಇರಬೇಕು. ಸಾಮಾನ್ಯ ಹಾರ್ಡ್ ಡಿಸ್ಕ್ ಆದರೆ ಅರ್ಧ ಗಂಟೆ ಹಿಡಿಯಬಹುದು, ಗಾಬರಿ ಬೇಡ. ಕೊನೆಗೆ ಕಡಿಮೆ ಬಿದ್ದ ತುಂಡುಗಳನ್ನಷ್ಟೇ ಇಳಿಸುತ್ತದೆ. ನೆಟ್ ಜೋರಾಗಿ ಓಡತೊಡಗಿದರೆ ಪಾಜ್ ಮಾಡಿ ಫೋಲ್ಡರ್ ಹೆಸರು ನೋಡು.

ಸಿದ್ದು, `downloading` ಫೋಲ್ಡರ್‌ನಲ್ಲಿ ಇರುವುದೇ ಅರ್ಧ ಇಳಿದ ಗೇಮ್. ಅದನ್ನು ಅಳಿಸಿದರೆ ರಾತ್ರಿಯೆಲ್ಲ ಇಳಿಸಿದ್ದು ಹೋಯಿತು. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಭಾಗ್ಯಶ್ರೀ, ಶಹಾಪುರ: ಸರ್, ಸಿ ಡ್ರೈವ್ ತುಂಬಿದೆ. ಗೇಮ್ ಡಿ ಡ್ರೈವ್‌ಗೆ ಕಳಿಸೋದು ಹೇಗೆ?

ರಾಜಶೇಖರ: ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, `Installed Files`, `Move install folder`. ಕೈಯಿಂದ ಎಳೆಯಬೇಡಿ.

ಸಿದ್ದು: ನಮ್ಮದೂ 10 ಎಂಬಿಪಿಎಸ್. ಸ್ಟೀಮ್‌ನಲ್ಲಿ 1.2 ಅಷ್ಟೇ ಬರುತ್ತೆ. ನೆಟ್‌ನವರು ಮೋಸ ಮಾಡ್ತಿದ್ದಾರೆ.

ವಿಶ್ವನಾಥ, ಹುಮನಾಬಾದ್: ಮೋಸ ಇಲ್ಲ. ಪ್ಲ್ಯಾನ್ ಬಿಟ್ ಲೆಕ್ಕ, ಸ್ಟೀಮ್ ತೋರಿಸೋದು ಬೈಟ್. 8ರಿಂದ ಭಾಗಿಸು. ಶರಣು 120 ಜಿಬಿ ಇಳಿಸಿದ್ದರೆ 27 ಗಂಟೆ ಹಿಡೀತಿತ್ತು.

ಸಿದ್ದು: ಹಂಗಾದ್ರೆ 10 ಅಂತ ಯಾಕೆ ಹಾಕ್ತಾರೆ? ಜನಕ್ಕೆ ಗೊತ್ತಾಗಬಾರದು ಅಂತ.

ವಿಶ್ವನಾಥ: ಪ್ಲ್ಯಾನ್‌ನಲ್ಲೇ ಬರೆದಿರುತ್ತೆ, ಓದಿದ್ರೆ ತಾನೆ.

ಸಿದ್ದು: ಬಹಳ ಓದಿದೋರು ನೀವು.

ಇರ್ಫಾನ್, ಬೀದರ್: ಎಪಿಕ್ ಲಾಂಚರ್‌ಗೂ ಹೀಗೇನಾ? ಯಾರಾದ್ರೂ ಹೇಳ್ರಿ.

ಭಾಗ್ಯಶ್ರೀ: ಸರ್, ಡಿ ಡ್ರೈವ್‌ಗೆ ಕಾಪಿ ಪೇಸ್ಟ್ ಮಾಡಿದ್ರೆ ಆಗಲ್ವಾ?

ರಾಜಶೇಖರ: ಮೇಲೆ ಹೇಳಿದೆ.

ಶರಣು: ಅಣ್ಣಾ, ಸಿಕ್ಕಿತು! ಒಂದಿಷ್ಟು ಮಾತ್ರ ಇಳಿಯಿತು. ಆದ್ರೆ ಆಡುವಾಗ ತಾನಾಗೇ ಮುಚ್ಚುತ್ತೆ. ವೆರಿಫೈ ಮಾಡಿದರೆ 14 ಫೈಲ್ ಫೇಲ್. ಇಳಿಸಿ ಮತ್ತೆ ಮಾಡಿದೆ, ಬೇರೆ 9 ಫೈಲ್.

ವಿಶ್ವನಾಥ: ಒಂದೆರಡು ಫೇಲ್ ಆಗೋದು ಮಾಮೂಲು, ಸೆಟ್ಟಿಂಗ್ಸ್ ಫೈಲ್ ಇರುತ್ತೆ. ಬಿಡು.

ರಾಜಶೇಖರ: ಅದೇ ಒಂದೆರಡು ಫೈಲ್ ಪ್ರತಿ ಸಲ ಬಂದರೆ ಮಾಮೂಲು, ಆ ಮಾತು ಸರಿ. ಇಲ್ಲಿ ಪ್ರತಿ ಸಲ ಬೇರೆ ಫೈಲ್ ಬರುತ್ತಿದೆ. ಕಾಪಿ ಮಾಡುವಾಗ ಕೆಟ್ಟಿದ್ದರೆ ಮೊದಲ ವೆರಿಫೈಗೇ ಸರಿಹೋಗಬೇಕಿತ್ತು. ನನಗೆ ಅನುಮಾನ ಇರುವುದು ಡಿಸ್ಕ್ ಮೇಲೆ, ಇಲ್ಲವೇ ರ‍್ಯಾಮ್ ಮೇಲೆ. ಇನ್ನು ವೆರಿಫೈ ಮಾಡಬೇಡ, ಸುಮ್ನೆ ಡೇಟಾ ಖರ್ಚು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ `C5` ಸಾಲು ನೋಡು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದರೆ ಡಿಸ್ಕ್ ಓದಲು ಒದ್ದಾಡುತ್ತಿದೆ. ಸೊನ್ನೆ ಇದ್ದರೆ `mdsched.exe` ಓಡಿಸಿ ರ‍್ಯಾಮ್ ನೋಡು.

ಸಿದ್ದು: ಡಿಸ್ಕ್ ಫಾರ್ಮ್ಯಾಟ್ ಮಾಡಿದ್ರೆ ಸರಿ ಹೋಗುತ್ತೆ.

ರಾಜಶೇಖರ: ಸಿದ್ದು, ಸಾಕು. ಆ ಡಿಸ್ಕ್‌ನಲ್ಲಿ ಇವನ ಮನೆಯವರ ಫೋಟೋ ಇದ್ದರೆ ನೀನು ತಂದು ಕೊಡುತ್ತೀಯಾ?

ಶರಣು: `C5` ಮುಂದೆ 18 ಅಂತ ಇದೆ ಅಣ್ಣಾ. ಅಕ್ಕನ ಮದುವೆ ವಿಡಿಯೋ ಡಿ ಡ್ರೈವ್‌ನಲ್ಲೇ ಇದೆ.

ರಾಜಶೇಖರ: ಗೇಮ್ ಮುಟ್ಟಬೇಡ. ಮೊದಲು ಆ ವಿಡಿಯೋ ಬೇರೆ ಡಿಸ್ಕ್‌ಗೆ ಕಾಪಿ ಮಾಡು. ಕಾಪಿ ನಡುವೆ ನಿಂತರೆ ಮತ್ತೆ ಮತ್ತೆ ಒತ್ತದೆ ಪಿಸಿ ಆಫ್ ಮಾಡಿ ನನಗೆ ಫೋನ್ ಮಾಡು.