ಕಾಫಿ ಬೀಜದ ಸರಾಸರಿ ದರ: ಸಾಫ್ಟ್‌ವೇರ್ ಒಂದು ಹೇಳುತ್ತೆ, ನನ್ನ ಶೀಟ್ ಇನ್ನೊಂದು

ಬೀಜದಂಗಡಿ: ತಲೆ ಕೆಟ್ಟು ಹೋಗಿದೆ. ಏಪ್ರಿಲ್ ಶುರುವಿಗೆ 100 ಕೆಜಿ ಬೀಜ 400ರ ದರದ್ದು ಇತ್ತು. 10ನೇ ತಾರೀಕು 50 ಕೆಜಿ 460ಕ್ಕೆ ತಂದೆ, 20ಕ್ಕೆ 70 ಕೆಜಿ 480ಕ್ಕೆ. ತಿಂಗಳ ಕೊನೆಗೆ ಉಳಿದದ್ದು 60 ಕೆಜಿ, ನಾನೇ ತೂಗಿದ್ದೀನಿ. ಶೀಟ್‌ನಲ್ಲಿ ಸರಾಸರಿ ತೆಗೆದರೆ ಅದರ ಬೆಲೆ 26,800. ಸಾಫ್ಟ್‌ವೇರ್ 27,720 ತೋರಿಸುತ್ತೆ. ಯಾವುದು ತಪ್ಪು?

ಹಾರ್ಡ್‌ವೇರ್ ಅಣ್ಣ: ಜಿಎಸ್‌ಟಿ. ಒಂದು ಕಡೆ ಸೇರಿಸಿ, ಇನ್ನೊಂದು ಕಡೆ ಬಿಟ್ಟಿದ್ದೀರಿ. ನನ್ನ ಅಂಗಡಿಯಲ್ಲೂ ಹೀಗೇ ಆಗಿತ್ತು, ಪೈಪ್ ಫಿಟಿಂಗ್ ಲೆಕ್ಕದಲ್ಲಿ.

ಬೀಜದಂಗಡಿ: ಇಲ್ಲ ಅಣ್ಣ, ಹುರಿಯದ ಬೀಜ. ಬಿಲ್ಲಿನಲ್ಲಿ ತೆರಿಗೆಯೇ ಇಲ್ಲ.

ಹಾರ್ಡ್‌ವೇರ್ ಅಣ್ಣ: ಆದರೂ ಸಾಫ್ಟ್‌ವೇರ್ ಒಳಗೆ ತೆರಿಗೆ ಸೆಟ್ಟಿಂಗ್ ಒಮ್ಮೆ ನೋಡಿ. 100ಕ್ಕೆ 99 ಸಲ ಅದೇ.

ಮಲ್ನಾಡ್ ಮಂಜ: ಹುರಿದರೆ ತೂಕ ಇಳಿಯುತ್ತಲ್ವಾ? ಅದನ್ನು ಲೆಕ್ಕಕ್ಕೆ ತಗೊಂಡ್ರಾ? ಅಂದ ಹಾಗೆ ಚಿಕೋರಿ ಎಷ್ಟು ಹಾಕ್ತೀರಿ?

ಬೀಜದಂಗಡಿ: ಕೇಳಿದ್ದು ಹಸಿ ಬೀಜದ ಸ್ಟಾಕ್ ಬಗ್ಗೆ. ಹುರಿಯೋಕೆ ತೆಗೆದಾಗ ಹಸಿ ತೂಕವನ್ನೇ ಬರೀತೀನಿ. ಚಿಕೋರಿ ಹಾಕಲ್ಲ.

ಮಲ್ನಾಡ್ ಮಂಜ: ಚಿಕೋರಿ ಇಲ್ಲದ ಫಿಲ್ಟರ್ ಕಾಫಿನಾ? ಸರಿ ಬಿಡಿ.

ಶೀಟ್ ಸುಬ್ಬಣ್ಣ: ಶೀಟ್‌ನಲ್ಲಿ ಯಾವ ಫಾರ್ಮುಲಾ ಹಾಕಿದ್ದೀರಿ?

ಬೀಜದಂಗಡಿ:
```
=AVERAGE(C2:C4)
```

ಶೀಟ್ ಸುಬ್ಬಣ್ಣ: ಸಿಕ್ಕಿತು. 100 ಕೆಜಿಗೂ 50 ಕೆಜಿಗೂ ಒಂದೇ ಮರ್ಯಾದೆ ಕೊಟ್ಟಿದ್ದೀರಿ. B ಕಾಲಮ್ಮಿನಲ್ಲಿ ಕೆಜಿ, Cಯಲ್ಲಿ ದರ ಇದ್ದರೆ ಹೀಗೆ ಹಾಕಿ:
```
=SUMPRODUCT(B2:B4,C2:C4)/SUM(B2:B4)
```
439.09 ಬರುತ್ತೆ. 60 ಕೆಜಿಗೆ 26,345. ಸಾಫ್ಟ್‌ವೇರ್ ಕೂಡ ತಪ್ಪು, ಬಿಟ್ಟುಬಿಡಿ. ನಾನು 12 ವರ್ಷದಿಂದ ಎಲ್ಲಾ ಶೀಟ್‌ನಲ್ಲೇ ಮಾಡ್ತಿದ್ದೀನಿ, ಒಂದೇ ಫೈಲ್, 40 ಟ್ಯಾಬ್, ಒಂದು ಪೈಸೆ ಆಚೀಚೆ ಆಗಿಲ್ಲ.

ಬೀಜದಂಗಡಿ: ಈಗ ಮೂರು ಉತ್ತರ ಆಯ್ತು. ಉಪಕಾರ ಆಯ್ತು ಮಾರಾಯ್ರೆ!

ಲೆಡ್ಜರ್ ಅಕ್ಕ: ಬೀಜ ಯಾವಾಗ ಹೊರಗೆ ಹೋಯ್ತು ಅಂತ ನೀವು ಹೇಳೇ ಇಲ್ಲ. ತಾರೀಕು ಕೊಡಿ.

ಬೀಜದಂಗಡಿ: 12ಕ್ಕೆ 120 ಕೆಜಿ ಹುರಿಯೋಕೆ. 25ಕ್ಕೆ 40 ಕೆಜಿ. ಅದರಿಂದ ಏನು ವ್ಯತ್ಯಾಸ?

ಲೆಡ್ಜರ್ ಅಕ್ಕ: ಎಲ್ಲಾ ವ್ಯತ್ಯಾಸ ಅಲ್ಲೇ ಇದೆ. 10ನೇ ತಾರೀಕು ನಿಮ್ಮ ಹತ್ರ 150 ಕೆಜಿ ಇತ್ತು, ಬೆಲೆ 63,000. ಕೆಜಿಗೆ 420. 12ಕ್ಕೆ 120 ಕೆಜಿ ಆ ದರದಲ್ಲೇ ಹೋಯ್ತು. ಉಳಿದದ್ದು 30 ಕೆಜಿ, 12,600. 20ಕ್ಕೆ ಬಂದ 33,600ರ ಮಾಲು ಈ ಚೂರಿನ ಜೊತೆ ಬೆರೆತು 100 ಕೆಜಿಗೆ 46,200. ದರ 462. ಆಮೇಲೆ 40 ಹೋಗಿ 60 ಉಳಿದರೆ 27,720. ಸಾಫ್ಟ್‌ವೇರ್ ಪ್ರತಿ ಖರೀದಿಗೆ ಹೊಸ ಸರಾಸರಿ ತೆಗೆಯುತ್ತಿದೆ, ಅಷ್ಟೇ.

ಸುಬ್ಬಣ್ಣನವರು ಇಡೀ ತಿಂಗಳಿಗೆ ಒಂದೇ ಸರಾಸರಿ ತೆಗೆದರು. ಅದರಲ್ಲಿ 20ಕ್ಕೆ ಬಂದ ಬೀಜದ ದರ 12ಕ್ಕೆ ಹುರಿದ ಬೀಜಕ್ಕೂ ಅಂಟುತ್ತೆ. ವಿಚಿತ್ರ ಅನ್ನಿಸಬಹುದು, ಆದರೆ ಸ್ಟಾಕ್‌ಗೆ ಬೆಲೆ ಕಟ್ಟುವ ಲೆಕ್ಕಪತ್ರ ಮಾನದಂಡ ಎಎಸ್ 2 ಎರಡನ್ನೂ ಒಪ್ಪುತ್ತೆ.

ನಿಮ್ಮ 26,800 ಮಾತ್ರ ನಿಲ್ಲಲ್ಲ. ಒಟ್ಟು ಮಾಲು 96,600ದ್ದು. ಹೋದದ್ದು, ಉಳಿದದ್ದು ಸೇರಿ ಅಷ್ಟೇ ಬರಬೇಕು. ಸಾಫ್ಟ್‌ವೇರ್ ಪ್ರಕಾರ 68,880 ಮತ್ತು 27,720, ಸರಿಯಾಗಿ ಕೂಡುತ್ತೆ. ನಿಮ್ಮ 446.67ರ ದರದಲ್ಲಿ 160 ಮತ್ತು 60 ಕೆಜಿ ಗುಣಿಸಿ ನೋಡಿ, 98,267 ಬರುತ್ತೆ. ಸುಮಾರು 1,667 ರೂಪಾಯಿ ಗಾಳಿಯಿಂದ ಹುಟ್ಟಿದೆ.

ಶೀಟ್ ಸುಬ್ಬಣ್ಣ: ನನ್ನದೂ 96,600ಕ್ಕೇ ಕೂಡುತ್ತೆ. ಹಾಗಾದರೆ ಸಾಫ್ಟ್‌ವೇರ್ ಯಾಕೆ ಬೇಕು?

ಲೆಡ್ಜರ್ ಅಕ್ಕ: ಕೂಡುತ್ತೆ, ನಿಮ್ಮದು ತಪ್ಪು ಅಂದಿಲ್ಲ. ಸಾಫ್ಟ್‌ವೇರ್‌ದು ತಪ್ಪು ಅಂದಿರಲ್ಲ, ಅದಕ್ಕೆ ಹೇಳಿದೆ. 12ಕ್ಕೆ ಹುರಿದ ಪುಡಿಗೆ ಅವತ್ತೇ ಬೆಲೆ ಕಟ್ಟಬೇಕಾದವರು ತಿಂಗಳ ಕೊನೆವರೆಗೆ ಕಾಯೋಕಾಗುತ್ತಾ?

ಬೀಜದಂಗಡಿ: ಈಗ ತಿಳೀತು. ಇನ್ನೊಂದು: 20ರ ಮಾಲಿಗೆ ಲಾರಿ ಬಾಡಿಗೆ 1,400 ಕೊಟ್ಟಿದ್ದೆ. ಖರ್ಚಿನ ಖಾತೆಗೆ ಬರೆದೆ. ಸರಿ ತಾನೆ?

ಲೆಡ್ಜರ್ ಅಕ್ಕ: ಇದನ್ನು ಮೊದಲೇ ಹೇಳಬಾರದಾ? ಮಾಲು ಅಂಗಡಿಗೆ ತರುವ ಬಾಡಿಗೆ ಮಾಲಿನ ಬೆಲೆಯಲ್ಲೇ ಸೇರಬೇಕು. ಆ 70 ಕೆಜಿ 480ರದ್ದಲ್ಲ, 500ರದ್ದು. ಸರಾಸರಿ 476 ಆಗುತ್ತೆ, 60 ಕೆಜಿಗೆ 28,560.

ಹಾರ್ಡ್‌ವೇರ್ ಅಣ್ಣ: 840 ರೂಪಾಯಿಗೆ ಇಷ್ಟೊಂದಾ? ನಾನು ಬಾಡಿಗೆ ಎಲ್ಲಾ ಖರ್ಚಿಗೇ ಹಾಕ್ತೀನಿ, ಯಾರೂ ಕೇಳಿಲ್ಲ.

ಲೆಡ್ಜರ್ ಅಕ್ಕ: ಕೇಳಿಲ್ಲ ಅಂದ್ರೆ ಸರಿ ಅಂತಲ್ಲ. ಬೀಜದಂಗಡಿಯವರೇ, ಹೋದ ವರ್ಷದ ಲೆಕ್ಕದಲ್ಲಿ ಯಾವ ಸರಾಸರಿ ಹಾಕಿದ್ದರು? ಅದು ತಿಂಗಳದ್ದಾಗಿದ್ದರೆ, ಈಗ ಸುಮ್ನೆ ಬದಲಾಯಿಸೋಕಾಗಲ್ಲ. ಆಡಿಟರ್‌ಗೆ ಕಾರಣ ಹೇಳಬೇಕು.

ಬೀಜದಂಗಡಿ: ಫೈಲ್ ತಮ್ಮನ ಮನೆಯಲ್ಲಿದೆ. ಭಾನುವಾರ ನೋಡಿ ಹೇಳ್ತೀನಿ.

ಮಲ್ನಾಡ್ ಮಂಜ: ಬರುವಾಗ ಕಾಲು ಕೆಜಿ ಪುಡಿ ಕಳಿಸಿ. ಚಿಕೋರಿ ನಾನೇ ಹಾಕ್ಕೋತೀನಿ.